ಲಕೋಟೆ ಒಡೆಯಬೇಡಿ: ಅಮೆರಿಕಕ್ಕೆ ಓದಲು ಹೊರಟವರಿಗೆ, ಅವರ ಮನೆಯವರಿಗೆ ಒಂದು ಬಹಿರಂಗ ಪತ್ರ

ಆತ್ಮೀಯ ವಿದ್ಯಾರ್ಥಿಗಳೇ ಮತ್ತು ಅವರ ತಂದೆ ತಾಯಂದಿರೇ,



ಅಮೆರಿಕದಲ್ಲಿ ಎಂ.ಎಸ್. ಓದಬೇಕೆಂದು ನಿಶ್ಚಯಿಸಿದ ಮನೆಗಳಲ್ಲಿ ಜಿಆರ್‌ಇ, ಟೋಫೆಲ್, ಬ್ಯಾಂಕ್ ಸಾಲ, ವೀಸಾ ಇವುಗಳ ಮಾತು ದಿನವೂ ನಡೆಯುತ್ತದೆ. ಟ್ರಾನ್ಸ್‌ಕ್ರಿಪ್ಟ್ ಮಾತು ಮಾತ್ರ ಡಿಸೆಂಬರ್ ತಿಂಗಳವರೆಗೂ ಯಾರ ಬಾಯಲ್ಲೂ ಬರುವುದಿಲ್ಲ. ಅಂಕಪಟ್ಟಿಗಳೆಲ್ಲ ಮನೆಯ ಬೀರುವಿನಲ್ಲೇ ಇವೆ, ಬೇಕೆಂದಾಗ ಸ್ಕ್ಯಾನ್ ಮಾಡಿ ಕಳಿಸಿದರಾಯಿತು ಎಂಬ ಧೈರ್ಯ ಎಲ್ಲರಿಗೂ. ಅರ್ಜಿಯ ಕೊನೆಯ ದಿನ ಹತ್ತಿರ ಬಂದಾಗ ಎರಡು ವಿಷಯ ಗೊತ್ತಾಗುತ್ತವೆ. ಒಂದು, ನೀವು ಕೈಯಾರೆ ಕಳಿಸಿದ ಅಂಕಪಟ್ಟಿಯನ್ನು ಅಲ್ಲಿ ಅಧಿಕೃತ ದಾಖಲೆ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಇನ್ನೊಂದು, ಅಧಿಕೃತವಾದದ್ದನ್ನು ಕಳಿಸಬೇಕಾದ ನಿಮ್ಮ ವಿಶ್ವವಿದ್ಯಾಲಯಕ್ಕೆ ನಿಮ್ಮ ಅವಸರದ ಅರಿವಿಲ್ಲ.

ಈ ಪತ್ರ ಬರೆಯುತ್ತಿರುವವರು ಜಿಲ್ಲಾ ಕೇಂದ್ರದ ಪದವಿ ಕಾಲೇಜೊಂದರಲ್ಲಿ ಪಾಠ ಹೇಳಿದವರು. ಹಳೆಯ ವಿದ್ಯಾರ್ಥಿಗಳು ಫಾರಂ ಹಿಡಿದು ಮನೆಗೆ ಬಂದಾಗಲೆಲ್ಲ ಅವರ ಜೊತೆ ಕೂತು ಈ ಕಾಗದಪತ್ರಗಳನ್ನು ನೋಡಿದವರು. ಹಾಗೆ ಕೂತಾಗ ಕಂಡದ್ದನ್ನೇ ಇಲ್ಲಿ ಹೇಳುವುದು.

ಮೊದಲು ಗೊಂದಲ ಬಿಡಿಸಿಕೊಳ್ಳೋಣ. ಟ್ರಾನ್ಸ್‌ಕ್ರಿಪ್ಟ್ ಬೇರೆ, ಮೌಲ್ಯಮಾಪನ ವರದಿ ಬೇರೆ. ನೀವು ಓದಿದ ಎಲ್ಲ ಸೆಮಿಸ್ಟರ್‌ಗಳ ವಿಷಯ, ಅಂಕ, ಕ್ರೆಡಿಟ್‌ಗಳನ್ನು ಒಂದೆಡೆ ಸೇರಿಸಿ ವಿಶ್ವವಿದ್ಯಾಲಯವೇ ಸಹಿ, ಮೊಹರು ಹಾಕಿ ಕೊಡುವ ದಾಖಲೆ ಟ್ರಾನ್ಸ್‌ಕ್ರಿಪ್ಟ್. ಆ ದಾಖಲೆಯನ್ನು ಅಮೆರಿಕದ ಒಂದು ಸಂಸ್ಥೆ ಓದಿ, ನಿಮ್ಮ ಪದವಿ ಅಲ್ಲಿಯ ಯಾವ ಪದವಿಗೆ ಸಮ, ನಿಮ್ಮ ಅಂಕ ಅಲ್ಲಿಯ 4ರ ಮಾಪನದಲ್ಲಿ ಎಷ್ಟು ಎಂದು ಬರೆದುಕೊಡುವುದು ಮೌಲ್ಯಮಾಪನ ವರದಿ. ಮೊದಲನೆಯದು ಇಲ್ಲದೆ ಎರಡನೆಯದು ಹುಟ್ಟುವುದೇ ಇಲ್ಲ.

ಅಮೆರಿಕದಲ್ಲಿ ವಿದೇಶಿ ಪದವಿಗಳನ್ನು ಅಳೆದು ಹೇಳುವ ಸರ್ಕಾರಿ ಕಚೇರಿ ಇಲ್ಲ. ಅಲ್ಲಿಯ ಶಿಕ್ಷಣ ಇಲಾಖೆ ಆ ಕೆಲಸ ಮಾಡುವುದಿಲ್ಲ. ಖಾಸಗಿ ಸಂಸ್ಥೆಗಳು ಮಾಡುತ್ತವೆ. ಅವುಗಳಲ್ಲಿ ನಂಬಿಕಸ್ಥವಾದವು 1987ರಲ್ಲಿ ಕಟ್ಟಿಕೊಂಡ ಒಕ್ಕೂಟಕ್ಕೆ ನೇಸಸ್ ಎಂದು ಹೆಸರು. ನಮ್ಮ ಮಕ್ಕಳ ಬಾಯಲ್ಲಿ ಹೆಚ್ಚು ಓಡಾಡುವ ವೆಸ್, ಅಂದರೆ ವರ್ಲ್ಡ್ ಎಜುಕೇಷನ್ ಸರ್ವೀಸಸ್, ಆ ಒಕ್ಕೂಟದ ಸದಸ್ಯ ಸಂಸ್ಥೆ. ಅದು 1974ರಲ್ಲಿ ನ್ಯೂಯಾರ್ಕ್‌ನಲ್ಲಿ ಶುರುವಾದದ್ದು. ಮಿಲ್ವಾಕಿ ನಗರದ ಇಸಿಇ ಇನ್ನೊಂದು, 1980ರದು. ಯಾವ ಸಂಸ್ಥೆಯ ವರದಿ ನಡೆಯುತ್ತದೆ ಎಂಬುದನ್ನು ನಿರ್ಧರಿಸುವುದು ನೀವು ಅರ್ಜಿ ಹಾಕುವ ವಿಶ್ವವಿದ್ಯಾಲಯ. ಕೆಲವರು ವೆಸ್ ಒಂದನ್ನೇ ಒಪ್ಪುತ್ತಾರೆ, ಕೆಲವರು ನೇಸಸ್ ಸದಸ್ಯರಲ್ಲಿ ಯಾರಾದರೂ ಸರಿ ಎನ್ನುತ್ತಾರೆ. ಬಹಳ ವಿಶ್ವವಿದ್ಯಾಲಯಗಳು ವರದಿಯನ್ನೇ ಕೇಳುವುದಿಲ್ಲ. ಭಾರತದ ಅಂಕಪಟ್ಟಿ ಓದಬಲ್ಲ ಸಿಬ್ಬಂದಿ ಅವರಲ್ಲೇ ಇರುತ್ತಾರೆ.

ಈ ಕೊನೆಯ ಮಾತನ್ನು ತಂದೆ ತಾಯಂದಿರು ಗಟ್ಟಿಯಾಗಿ ಮನಸ್ಸಿಗೆ ತಂದುಕೊಳ್ಳಬೇಕು. "ಎಲ್ಲಕ್ಕೂ ವೆಸ್ ಬೇಕೇ ಬೇಕು" ಎಂದು ಹೇಳಿ ಮೊದಲ ದಿನವೇ ದುಡ್ಡು ಕಟ್ಟಿಸುವ ಕನ್ಸಲ್ಟೆನ್ಸಿಗಳಿವೆ. ಅರ್ಜಿ ಹಾಕುವ ಹಂತದಲ್ಲಿ ಅಂಕಪಟ್ಟಿಯ ಸ್ಕ್ಯಾನ್ ಪ್ರತಿ ಏರಿಸಿದರೆ ಸಾಕು, ಸೀಟು ಸಿಕ್ಕಿದ ಮೇಲೆ ಅಧಿಕೃತ ಟ್ರಾನ್ಸ್‌ಕ್ರಿಪ್ಟ್ ಕಳಿಸಿ ಎನ್ನುವ ವಿಶ್ವವಿದ್ಯಾಲಯಗಳು ಅಮೆರಿಕದಲ್ಲಿ ಧಾರಾಳವಾಗಿವೆ. ಹಾಗಾಗಿ ಮೊದಲ ಕೆಲಸ ಒಂದು ಹಾಳೆಯ ಮೇಲೆ ನೀವು ಆಯ್ದ ವಿಶ್ವವಿದ್ಯಾಲಯಗಳ ಹೆಸರು ಬರೆದು, ಪ್ರತಿಯೊಂದರ ಮುಂದೆ ಮೂರು ಪ್ರಶ್ನೆಗೆ ಉತ್ತರ ತುಂಬುವುದು. ಅರ್ಜಿಗೆ ಸ್ಕ್ಯಾನ್ ಪ್ರತಿ ಸಾಕೇ? ಮೌಲ್ಯಮಾಪನ ವರದಿ ಬೇಕೇ, ಬೇಕಾದರೆ ಯಾರದು, ಯಾವ ಬಗೆಯದು? ಅಧಿಕೃತ ಟ್ರಾನ್ಸ್‌ಕ್ರಿಪ್ಟ್ ಯಾವಾಗ, ಯಾವ ದಾರಿಯಲ್ಲಿ ತಲುಪಬೇಕು? ಉತ್ತರ ಆ ವಿಶ್ವವಿದ್ಯಾಲಯದ ಪ್ರವೇಶ ವಿಭಾಗದ ಪುಟದಲ್ಲೇ ಇರುತ್ತದೆ. ಅದರಲ್ಲೂ ನಿಮ್ಮ ಕೋರ್ಸಿನ ಪುಟವನ್ನು ಬೇರೆಯಾಗಿ ನೋಡಿ, ಒಂದೇ ಕ್ಯಾಂಪಸ್ಸಿನಲ್ಲಿ ಎಂಜಿನಿಯರಿಂಗ್ ವಿಭಾಗ ಒಂದು ಕೇಳಿದರೆ ಬಿಸಿನೆಸ್ ಶಾಲೆ ಇನ್ನೊಂದು ಕೇಳುತ್ತದೆ. ಸ್ಪಷ್ಟವಿಲ್ಲದಿದ್ದರೆ ಅವರಿಗೆ ನಾಲ್ಕು ಸಾಲಿನ ಇಮೇಲ್ ಬರೆಯಿರಿ, ಬಂದ ಉತ್ತರವನ್ನು ತೆಗೆದಿಡಿ.

ಇನ್ನು ನಮ್ಮ ನೆಲದ ತೊಡಕು. ಟ್ರಾನ್ಸ್‌ಕ್ರಿಪ್ಟ್ ಕೊಡಬೇಕಾದವರು ಯಾರು? ಕಾಲೇಜಿನ ಪ್ರಾಂಶುಪಾಲರು ಪರಿಚಿತರು, ಕೇಳಿದ ದಿನವೇ ಸಹಿ ಹಾಕುತ್ತಾರೆ, ಆದ್ದರಿಂದ ಮಕ್ಕಳು ಮೊದಲು ಅಲ್ಲಿಗೇ ಓಡುತ್ತಾರೆ. ಆದರೆ ಸಂಯೋಜಿತ ಕಾಲೇಜು ಪದವಿ ಕೊಡುವುದಿಲ್ಲ, ಪದವಿ ಕೊಡುವುದು ವಿಶ್ವವಿದ್ಯಾಲಯ. ಮೌಲ್ಯಮಾಪನ ಸಂಸ್ಥೆಗಳಿಗೆ ಬೇಕಾದದ್ದು ಕುಲಸಚಿವರು, ಮೌಲ್ಯಮಾಪನ, ಎಂಬ ಹುದ್ದೆಯ ಕಚೇರಿಯ ಸಹಿ ಮತ್ತು ಮೊಹರು. ಕಾಲೇಜಿನ ಮೊಹರು ಮಾತ್ರ ಇರುವ ಲಕೋಟೆ ನ್ಯೂಯಾರ್ಕ್ ತನಕ ಹೋಗಿ "ಸ್ವೀಕಾರಾರ್ಹವಲ್ಲ" ಎನ್ನಿಸಿಕೊಂಡರೆ, ಪ್ರಯಾಣದ ದಿನಗಳೂ ಕೊರಿಯರ್ ದುಡ್ಡೂ ಎರಡೂ ಹೋದವು. ಸ್ವಾಯತ್ತ ಕಾಲೇಜಿನವರು ತಮ್ಮಲ್ಲಿ ಪರೀಕ್ಷಾ ನಿಯಂತ್ರಕರ ಸಹಿ ಸಾಕೋ, ವಿಶ್ವವಿದ್ಯಾಲಯದ ದೃಢೀಕರಣವೂ ಬೇಕೋ ಎಂದು ಮೌಲ್ಯಮಾಪನ ಸಂಸ್ಥೆಯನ್ನೇ ಮೊದಲು ಕೇಳಿ ತಿಳಿದುಕೊಳ್ಳಬೇಕು.

ಯಾವ ವಿಶ್ವವಿದ್ಯಾಲಯ ಎಂಬುದೂ ಕರ್ನಾಟಕದಲ್ಲಿ ಸುಲಭದ ಪ್ರಶ್ನೆಯಲ್ಲ. ಬೆಂಗಳೂರು ವಿಶ್ವವಿದ್ಯಾಲಯ ಮೂರಾಯಿತು. ಮೈಸೂರು ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿದ್ದ ಹಾಸನ, ಚಾಮರಾಜನಗರಗಳಿಗೆ 2023ರಲ್ಲಿ ಸ್ವಂತ ವಿಶ್ವವಿದ್ಯಾಲಯ ಬಂತು. ಎರಡೇ ವರ್ಷಕ್ಕೆ, 2025ರಲ್ಲಿ, ಇಂಥ ಹೊಸ ವಿಶ್ವವಿದ್ಯಾಲಯಗಳಲ್ಲಿ ಕೆಲವನ್ನು ಮುಚ್ಚುವ ಮಾತೂ ಎದ್ದಿತು. ಇದರ ನಡುವೆ ಓದಿದವರು ತಮ್ಮ ಕಾಲೇಜು ಇಂದು ಯಾರ ಕೆಳಗಿದೆ ಎಂದು ನೋಡಿ ಪ್ರಯೋಜನವಿಲ್ಲ. ಅಂಕಪಟ್ಟಿಯ ತಲೆಯ ಮೇಲೆ, ಘಟಿಕೋತ್ಸವದ ಪ್ರಮಾಣಪತ್ರದ ಮೇಲೆ ಯಾರ ಹೆಸರು ಅಚ್ಚಾಗಿದೆಯೋ ಅವರ ಬಾಗಿಲಿಗೇ ಹೋಗಬೇಕು.

ಡಿಪ್ಲೊಮಾ ಮುಗಿಸಿ ಎರಡನೇ ವರ್ಷದ ಎಂಜಿನಿಯರಿಂಗ್‌ಗೆ ನೇರ ಸೇರಿದವರಿಗೆ ಇನ್ನೊಂದು ಎಚ್ಚರಿಕೆ. ನಿಮ್ಮ ವಿಟಿಯು ಟ್ರಾನ್ಸ್‌ಕ್ರಿಪ್ಟಿನಲ್ಲಿ ಮೂರನೇ ಸೆಮಿಸ್ಟರ್‌ನಿಂದ ಎಂಟರವರೆಗೆ ಮಾತ್ರ ಇರುತ್ತದೆ. ಓದುವವರಿಗೆ ಒಂದು ವರ್ಷವೇ ಕಾಣೆಯಾದಂತೆ ತೋರುತ್ತದೆ. ಡಿಪ್ಲೊಮಾ ಅಂಕಗಳ ದಾಖಲೆಯನ್ನು ತಾಂತ್ರಿಕ ಶಿಕ್ಷಣ ಇಲಾಖೆಯ ಪರೀಕ್ಷಾ ಮಂಡಳಿಯಿಂದ ಬೇರೆಯಾಗಿ ಕೇಳಬಹುದು. ಅಂದರೆ ಎರಡು ಕಚೇರಿ, ಎರಡು ಅರ್ಜಿ, ಎರಡು ಲಕೋಟೆ. ಎರಡನ್ನೂ ಒಂದೇ ವಾರ ಶುರುಮಾಡಿ.

ಈಗ ಹೆಸರಿನ ಮಾತು. ಇಷ್ಟು ಸಣ್ಣ ಸಂಗತಿಗೆ ಇಷ್ಟು ವಾರ ಹಾಳಾಗುವುದನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ನಮ್ಮ ಕಡೆ ಅಂಕಪಟ್ಟಿಯಲ್ಲಿ ಹೆಸರಿನ ಜೊತೆ ಎಚ್. ಆರ್. ಎಂದು ಎರಡು ಇನಿಷಿಯಲ್ ಇರುತ್ತವೆ. ಎಚ್ ಅಂದರೆ ಹೊಸಹಳ್ಳಿ, ಆರ್ ಅಂದರೆ ರಾಮಪ್ಪ. ಪಾಸ್‌ಪೋರ್ಟಿನಲ್ಲಿ ಅದೇ ಇನಿಷಿಯಲ್ ಬಿಡಿಸಿ ಬರೆದು, ಊರ ಹೆಸರು ಉಪನಾಮವಾಗಿ ಕೂತಿರುತ್ತದೆ. ಇನ್ನು ಕೆಲವರ ಪಾಸ್‌ಪೋರ್ಟಿನಲ್ಲಿ ಉಪನಾಮದ ಜಾಗವೇ ಖಾಲಿ. ನಮಗೆ ಇವೆರಡೂ ಒಬ್ಬರದೇ ಹೆಸರು ಎಂದು ನೋಡಿದ ಕೂಡಲೇ ಗೊತ್ತಾಗುತ್ತದೆ. ನ್ಯೂಯಾರ್ಕ್‌ನಲ್ಲಿ ಕಡತ ನೋಡುವವರಿಗೆ ಗೊತ್ತಾಗುವುದಿಲ್ಲ, ಗೊತ್ತಾಗಬೇಕೆಂದು ಬಯಸುವುದೂ ಸರಿಯಲ್ಲ. ಖಾತೆ ತೆರೆಯುವಾಗ ಪಾಸ್‌ಪೋರ್ಟಿನ ಹೆಸರನ್ನೇ ಕೊಡಿ, ದಾಖಲೆಗಳಲ್ಲಿ ಬೇರೆ ರೀತಿಯ ಹೆಸರಿದೆಯೇ ಎಂದು ಕೇಳುವ ಕಡೆ ಅಂಕಪಟ್ಟಿಯಲ್ಲಿ ಇರುವ ಹಾಗೆಯೇ, ಚುಕ್ಕಿ ಸಮೇತ, ಬರೆಯಿರಿ. ಎರಡೂ ಹೆಸರು ಒಬ್ಬರದೇ ಎಂದು ನೋಟರಿಯ ಮುಂದೆ ಇಂಗ್ಲಿಷಿನಲ್ಲಿ ಅಫಿಡವಿಟ್ ಮಾಡಿಸಿಟ್ಟುಕೊಳ್ಳಿ, ಕೇಳಿದರೆ ಆ ಕ್ಷಣ ಕಳಿಸಬಹುದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಿಂದ ಪದವಿಯವರೆಗೆ ಒಂದೊಂದರಲ್ಲಿ ಒಂದೊಂದು ಸ್ಪೆಲ್ಲಿಂಗ್ ಇದ್ದವರು ಪದವಿ ಅಂಕಪಟ್ಟಿಯ ತಪ್ಪನ್ನು ವಿಶ್ವವಿದ್ಯಾಲಯದಲ್ಲೇ ಮೊದಲು ತಿದ್ದಿಸಿಕೊಳ್ಳಬೇಕು. ಟ್ರಾನ್ಸ್‌ಕ್ರಿಪ್ಟ್ ಆದ ಮೇಲೆ ತಿದ್ದಿಸಿದರೆ ಟ್ರಾನ್ಸ್‌ಕ್ರಿಪ್ಟನ್ನೂ ಮತ್ತೆ ತೆಗೆಸಬೇಕಾಗುತ್ತದೆ.

ಲಕೋಟೆಗೆ ಬರೋಣ. ವಿಶ್ವವಿದ್ಯಾಲಯ ಟ್ರಾನ್ಸ್‌ಕ್ರಿಪ್ಟನ್ನು ತನ್ನ ಹೆಸರಿರುವ ಲಕೋಟೆಯಲ್ಲಿ ಹಾಕಿ, ಅಂಟಿಸಿ, ಮುಚ್ಚಳದ ಗೆರೆಯ ಮೇಲೆ ಅರ್ಧ ಆ ಕಡೆ ಅರ್ಧ ಈ ಕಡೆ ಬೀಳುವಂತೆ ಮೊಹರು ಒತ್ತಿ, ಅದರ ಮೇಲೆ ಅಧಿಕಾರಿಯ ಸಹಿ ಹಾಕುತ್ತದೆ. ಯಾರಾದರೂ ತೆರೆದರೆ ಮೊಹರು ಒಡೆದು ಗೊತ್ತಾಗಲಿ ಎಂಬುದೇ ಇದರ ಉದ್ದೇಶ. ಕೌಂಟರಿನಲ್ಲೇ ಲಕೋಟೆಯನ್ನು ತಿರುಗಿಸಿ ನೋಡಿ. ಮೊಹರು ಬರೀ ಮುಚ್ಚಳದ ಮೇಲಿದ್ದು ಗೆರೆ ದಾಟಿಲ್ಲದಿದ್ದರೆ, ಅಥವಾ ಸಹಿ ಮರೆತಿದ್ದರೆ, ಅಲ್ಲೇ ವಿನಯದಿಂದ ಹೇಳಿ ಹಾಕಿಸಿಕೊಳ್ಳಿ. ಒಳಗೆ ಏನು ಬರೆದಿದ್ದಾರೋ ಎಂಬ ಕುತೂಹಲಕ್ಕೆ ಮನೆಗೆ ತಂದು ಬಿಚ್ಚಿದವರಿದ್ದಾರೆ. ಅಂಥ ಲಕೋಟೆಯನ್ನು ಮತ್ತೆ ಅಂಟಿಸಿ ಕಳಿಸುವುದು ಇನ್ನೂ ದೊಡ್ಡ ತಪ್ಪು, ಅದು ದಾಖಲೆ ತಿದ್ದಿದ ಅನುಮಾನಕ್ಕೆ ಎಡೆ ಕೊಡುತ್ತದೆ. ಒಳಗಿರುವುದನ್ನು ನೋಡಬೇಕೆಂದರೆ ನಿಮಗೆಂದೇ ಒಂದು ಹೆಚ್ಚುವರಿ ಪ್ರತಿಗೆ ಮೊದಲೇ ದುಡ್ಡು ಕಟ್ಟಿ. ಆ ಪ್ರತಿಯಲ್ಲಿ ಒಂದು ಸೆಮಿಸ್ಟರ್ ಬಿಟ್ಟುಹೋಗಿದೆಯೇ, ರಿಜಿಸ್ಟರ್ ನಂಬರ್ ಸರಿ ಇದೆಯೇ, ಮರುಮೌಲ್ಯಮಾಪನದಲ್ಲಿ ಹೆಚ್ಚಾದ ಅಂಕ ಸೇರಿದೆಯೇ ಎಂದು ನೋಡಿಕೊಂಡ ಮೇಲೆ ಉಳಿದ ಲಕೋಟೆಗಳನ್ನು ಕಳಿಸಿ.

ವೆಸ್‌ನಂಥ ಸಂಸ್ಥೆಯಲ್ಲಿ ಖಾತೆ ತೆರೆದಾಗ ಒಂದು ಉಲ್ಲೇಖ ಸಂಖ್ಯೆ ಕೊಡುತ್ತಾರೆ. ಜೊತೆಗೆ ವಿಶ್ವವಿದ್ಯಾಲಯ ತುಂಬಬೇಕಾದ ಒಂದು ವಿನಂತಿ ನಮೂನೆ ಇರುತ್ತದೆ. ಸಂಖ್ಯೆಯನ್ನು ನಮೂನೆಯ ಮೇಲೂ ಲಕೋಟೆಯ ಮೇಲೂ ಎದ್ದು ಕಾಣುವಂತೆ ಬರೆಸಬೇಕು. ಸಂಖ್ಯೆ ಇಲ್ಲದ ಲಕೋಟೆ ಅಲ್ಲಿ ತಲುಪುತ್ತದೆ, ಆದರೆ ಯಾರ ಕಡತಕ್ಕೆ ಸೇರಿಸಬೇಕೆಂದು ಹುಡುಕುವುದರಲ್ಲೇ ದಿನ ಕಳೆಯುತ್ತದೆ. ಕೊರಿಯರ್ "ತಲುಪಿದೆ" ಎಂದು ತೋರಿಸಿದ ದಿನವೇ ಖಾತೆಯಲ್ಲಿ ಬದಲಾವಣೆ ಕಾಣುವುದಿಲ್ಲ, ಗಾಬರಿಯಾಗಬೇಡಿ. ಖಾತೆಯಲ್ಲಿ ದಾಖಲೆ ಬಂದಿದೆ ಎಂಬುದು ಒಂದು ಹಂತ, ಪರಿಶೀಲಿಸಿ ಒಪ್ಪಿದ್ದೇವೆ ಎಂಬುದು ಇನ್ನೊಂದು. ವರದಿಯ ಗಡುವಿನ ಗಡಿಯಾರ ಶುರುವಾಗುವುದು ಎಲ್ಲ ದಾಖಲೆ ಒಪ್ಪಿಗೆಯಾಗಿ, ಶುಲ್ಕ ಪೂರ್ತಿ ಸಂದಾಯವಾದ ಮೇಲೆ. "ಇಷ್ಟೇ ದಿನದಲ್ಲಿ ವರದಿ" ಎಂದು ಅವರು ಹೇಳುವ ಲೆಕ್ಕ ಆ ದಿನದಿಂದ, ನೀವು ದುಡ್ಡು ಕಟ್ಟಿದ ದಿನದಿಂದಲ್ಲ. ಜಗಳಗಳೆಲ್ಲ ಹುಟ್ಟುವುದು ಇಲ್ಲೇ.

ಬಹಳಷ್ಟು ವಿಶ್ವವಿದ್ಯಾಲಯಗಳು ಈಗ ಕಾಗದ ಬಿಟ್ಟು ನೇರವಾಗಿ ಇಲೆಕ್ಟ್ರಾನಿಕ್ ಟ್ರಾನ್ಸ್‌ಕ್ರಿಪ್ಟ್ ಕಳಿಸುತ್ತವೆ. ನಿಮ್ಮ ವಿಶ್ವವಿದ್ಯಾಲಯದಲ್ಲಿ ಆ ವ್ಯವಸ್ಥೆ ಇದ್ದು, ಪಡೆಯುವವರೂ ಒಪ್ಪುವುದಾದರೆ ಕಣ್ಣುಮುಚ್ಚಿ ಅದನ್ನೇ ಆರಿಸಿ. ಸಮುದ್ರ ದಾಟುವ ದಿನಗಳು ಪೂರ್ತಿ ಉಳಿಯುತ್ತವೆ. ಇಲ್ಲೂ ಅದೇ ನಿಯಮ: ಫೈಲು ವಿಶ್ವವಿದ್ಯಾಲಯದ ಅಧಿಕೃತ ವಿಳಾಸದಿಂದ, ಅಥವಾ ಅದು ನೇಮಿಸಿದ ವ್ಯವಸ್ಥೆಯಿಂದ, ಪಡೆಯುವವರಿಗೇ ಹೋಗಬೇಕು. ನಿಮ್ಮ ಇಮೇಲಿಗೆ ಬಂದದ್ದನ್ನು ನೀವು ಮುಂದಕ್ಕೆ ಕಳಿಸಿದರೆ ಅದು ಬಿಚ್ಚಿದ ಲಕೋಟೆಯೇ.

ಹಾಸನ ಜಿಲ್ಲೆಯ ಒಬ್ಬ ಹುಡುಗಿಯ ಲೆಕ್ಕವನ್ನು ಪೂರ್ತಿ ಹಾಕಿ ನೋಡೋಣ. ಹೊಸ ವಿಶ್ವವಿದ್ಯಾಲಯ ಬರುವ ಮೊದಲೇ, 2022ರಲ್ಲಿ, ಮೈಸೂರು ವಿಶ್ವವಿದ್ಯಾಲಯದಿಂದ ಬಿ.ಕಾಂ. ಮುಗಿಸಿ, ಬೆಂಗಳೂರಿನ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತಿದ್ದವಳು. ಬಿಸಿನೆಸ್ ಅನಲಿಟಿಕ್ಸ್ ಓದಲು ಆರು ವಿಶ್ವವಿದ್ಯಾಲಯ ಆರಿಸಿದಳು. ಮುಂದಿನ ವರ್ಷದ ಆಗಸ್ಟ್‌ಗೆ ತರಗತಿ, ಅರ್ಜಿಯ ಕೊನೆಯ ದಿನ ಜನವರಿ 15. ಆಗಸ್ಟಿನಲ್ಲೇ ಕೂತು ಹಾಳೆಯ ಮೇಲೆ ಬರೆದಾಗ ಆರರಲ್ಲಿ ನಾಲ್ಕಕ್ಕೆ ಸ್ಕ್ಯಾನ್ ಪ್ರತಿ ಸಾಕೆಂದು ತಿಳಿಯಿತು. ಎರಡಕ್ಕೆ ಮಾತ್ರ ನೇಸಸ್ ಸದಸ್ಯ ಸಂಸ್ಥೆಯ ವರದಿ ಬೇಕಿತ್ತು, ಅದೂ ವಿಷಯವಾರು ವರದಿ.

ವರದಿಗಳಲ್ಲಿ ಎರಡು ಬಗೆ. ದಾಖಲೆವಾರು ವರದಿ ನಿಮ್ಮ ಪದವಿ ಯಾವುದಕ್ಕೆ ಸಮ ಎಂದಷ್ಟೇ ಹೇಳುತ್ತದೆ, ಶುಲ್ಕ 100 ಡಾಲರಿನ ಆಸುಪಾಸು. ವಿಷಯವಾರು ವರದಿ ಪ್ರತಿ ವಿಷಯದ ಕ್ರೆಡಿಟ್, ಗ್ರೇಡ್, ಒಟ್ಟು ಜಿಪಿಎ ಎಲ್ಲ ಹೇಳುತ್ತದೆ, ಅದು 200 ಡಾಲರಿನ ಆಸುಪಾಸು. ನಮ್ಮ ದುಡ್ಡಿನಲ್ಲಿ 17,000 ರೂಪಾಯಿ ದಾಟುತ್ತದೆ. ಪ್ರತಿ ಹೆಚ್ಚುವರಿ ವಿಶ್ವವಿದ್ಯಾಲಯಕ್ಕೆ ವರದಿ ಕಳಿಸಲು ಬೇರೆ ಶುಲ್ಕ, ಸುಮಾರು 30 ಡಾಲರ್. ಅವಸರದ ಸೇವೆಗೆ ಇನ್ನೂ ಬೇರೆ. ಈ ದರಗಳು ಆಗಾಗ ಏರುತ್ತವೆ, ದುಡ್ಡು ಕಟ್ಟುವ ದಿನ ಆ ಸಂಸ್ಥೆಯ ಪುಟದಲ್ಲಿರುವುದೇ ನಿಜವಾದ ದರ. ಅಗ್ಗವೆಂದು ದಾಖಲೆವಾರು ವರದಿ ತೆಗೆದು, ಆಮೇಲೆ ಜಿಪಿಎ ಬೇಕೆಂದಾಗ ವ್ಯತ್ಯಾಸದ ಹಣ ಕಟ್ಟಿ ಮತ್ತೆ ಕಾಯುವುದು ಸಾಮಾನ್ಯವಾಗಿ ಕಾಣುವ ನಷ್ಟ. ಆರಕ್ಕೂ ವರದಿ ಕಳಿಸಿಬಿಡೋಣ ಎಂದಿದ್ದರೆ ಈ ಹುಡುಗಿ ಬೇಡದ ನಾಲ್ಕಕ್ಕೆ ಸುಮಾರು 120 ಡಾಲರ್ ಸುರಿಯುತ್ತಿದ್ದಳು.

ಆರು ಸೆಮಿಸ್ಟರ್ ಅಂಕಪಟ್ಟಿಗಳ ಜೆರಾಕ್ಸ್, ಪದವಿ ಪ್ರಮಾಣಪತ್ರದ ಜೆರಾಕ್ಸ್, ಗುರುತಿನ ಚೀಟಿ, ಮೌಲ್ಯಮಾಪನ ಸಂಸ್ಥೆಯ ನಮೂನೆ, ಶುಲ್ಕ ಕಟ್ಟಿದ ರಸೀದಿ ಇವಿಷ್ಟನ್ನು ಸೆಪ್ಟೆಂಬರ್ ಮೊದಲ ವಾರ ಕೊಟ್ಟಳು. ವಿಶ್ವವಿದ್ಯಾಲಯದಿಂದ ವಿಶ್ವವಿದ್ಯಾಲಯಕ್ಕೆ ಟ್ರಾನ್ಸ್‌ಕ್ರಿಪ್ಟ್ ಶುಲ್ಕ ಕೆಲವು ನೂರರಿಂದ ಕೆಲವು ಸಾವಿರ ರೂಪಾಯಿವರೆಗೆ ಬದಲಾಗುತ್ತದೆ, ವಿದೇಶಕ್ಕೆ ಅಂಚೆ ವೆಚ್ಚ ಪ್ರತ್ಯೇಕ. ಅವಳಿಗೆ ಲಕೋಟೆ ಸಿಗಲು ನಾಲ್ಕು ವಾರ ಹಿಡಿಯಿತು. ಎರಡು ವಾರದಲ್ಲೇ ಸಿಗುವ ಕಡೆಗಳಿವೆ, ಫಲಿತಾಂಶದ ಕೆಲಸ, ಘಟಿಕೋತ್ಸವದ ಕೆಲಸ ಒಟ್ಟಿಗೆ ಬಂದಾಗ ಎರಡು ತಿಂಗಳು ಎಳೆದದ್ದೂ ಇದೆ. ಖಾಸಗಿ ಕೊರಿಯರಿನಲ್ಲಿ ಲಕೋಟೆ ಒಂದು ವಾರದೊಳಗೆ ತಲುಪುತ್ತದೆ, ವೆಚ್ಚ ಎರಡರಿಂದ ನಾಲ್ಕು ಸಾವಿರ ರೂಪಾಯಿ. ಅಂತರರಾಷ್ಟ್ರೀಯ ಸ್ಪೀಡ್ ಪೋಸ್ಟ್ ಅಗ್ಗ, ಆದರೆ ಒಂದರಿಂದ ಮೂರು ವಾರ ಬೇಕಾಗಬಹುದು. ಅಕ್ಟೋಬರ್ ಎರಡನೇ ವಾರ ದಾಖಲೆ ತಲುಪಿತು. ಆಮೇಲೆ ತೊಡಕು ಬಂತು, ಅದೇ ಹೆಸರಿನದು. ಪಾಸ್‌ಪೋರ್ಟ್ ಪ್ರತಿಯನ್ನೂ ಅಫಿಡವಿಟ್ಟನ್ನೂ ಏರಿಸಿ ಸರಿಪಡಿಸುವಷ್ಟರಲ್ಲಿ ತಿಂಗಳ ಕೊನೆ. ನವೆಂಬರ್ ಅಂತ್ಯಕ್ಕೆ ವರದಿ ಸಿದ್ಧವಾಯಿತು. ಮೊದಲ ಹಾಳೆ ಬರೆದದ್ದರಿಂದ ವರದಿಯವರೆಗೆ ಮೂರು ತಿಂಗಳಿಗೂ ಹೆಚ್ಚು. ಇದರಲ್ಲಿ ಯಾರೂ ವಿಶೇಷವಾಗಿ ತಡ ಮಾಡಿದ್ದಲ್ಲ, ಇದೇ ಮಾಮೂಲು ವೇಗ. ನವೆಂಬರಿನಲ್ಲಿ ಶುರುಮಾಡಿದ್ದರೆ ಜನವರಿ 15 ಕೈತಪ್ಪುತ್ತಿತ್ತು.

ಅವಳ ಅಂಕ ಶೇಕಡಾ 68. ಇದನ್ನು 25ರಿಂದ ಭಾಗಿಸಿ 2.72 ಎಂದು ಲೆಕ್ಕ ಹಾಕಿ, ಕನಿಷ್ಠ 3.0 ಕೇಳುವ ಕಡೆಗೆಲ್ಲ ಅರ್ಜಿ ಹಾಕುವ ಆಸೆಯನ್ನೇ ಬಿಟ್ಟಿದ್ದಳು. ಈ ಭಾಗಾಕಾರ ನಮ್ಮಲ್ಲಿ ಬಹಳ ಮಕ್ಕಳನ್ನು ಹಿಂದಕ್ಕೆ ಎಳೆದಿದೆ. ಮೌಲ್ಯಮಾಪಕರು ಹಾಗೆ ಭಾಗಿಸುವುದಿಲ್ಲ. ನಮ್ಮಲ್ಲಿ 60 ಪ್ರಥಮ ದರ್ಜೆ, ಶೇಕಡಾ 90 ಕಾಣುವುದು ಅಪರೂಪ ಎಂಬುದನ್ನು ತಿಳಿದು, ಪ್ರತಿ ವಿಷಯದ ಅಂಕವನ್ನು ಅಲ್ಲಿಯ ಗ್ರೇಡಿಗೆ ಹೊಂದಿಸಿ, ಕ್ರೆಡಿಟ್ಟಿನ ತೂಕ ಕೊಟ್ಟು ಜಿಪಿಎ ತೆಗೆಯುತ್ತಾರೆ. ಪ್ರಥಮ ದರ್ಜೆಯ ಅಂಕಗಳು ಸಾಮಾನ್ಯವಾಗಿ ಅಲ್ಲಿಯ ಮೇಲಿನ ಗ್ರೇಡುಗಳಲ್ಲೇ ಬೀಳುತ್ತವೆ. ಅವಳ ವರದಿಯಲ್ಲಿ ಬಂದ ಜಿಪಿಎ 3.0ಕ್ಕಿಂತ ಸಾಕಷ್ಟು ಮೇಲಿತ್ತು. ದುಡ್ಡು ಕಟ್ಟುವ ಮೊದಲೇ ಅಂದಾಜು ಬೇಕಿದ್ದರೆ ವೆಸ್ ತನ್ನ ಪುಟದಲ್ಲಿ ಉಚಿತ ಜಿಪಿಎ ಲೆಕ್ಕಾಚಾರದ ಸಲಕರಣೆ ಇಟ್ಟಿದೆ.

ಬಿ.ಎ., ಬಿ.ಎಸ್ಸಿ., ಬಿ.ಕಾಂ. ಓದಿದವರನ್ನು ಕಾಡುವ ಪ್ರಶ್ನೆ ಮೂರು ವರ್ಷದ್ದು. ಅಮೆರಿಕದ ಪದವಿ ನಾಲ್ಕು ವರ್ಷ. ನಮ್ಮ ಮೂರು ವರ್ಷದ ಪದವಿ ಅದಕ್ಕೆ ಸಮವೇ? ಎಲ್ಲ ಮೌಲ್ಯಮಾಪಕರ ಉತ್ತರ ಒಂದೇ ಅಲ್ಲ. ವೆಸ್ ಅನುಸರಿಸುವ ನೀತಿಯಲ್ಲಿ ಎರಡು ಶರತ್ತು: ಪದವಿ ಪ್ರಥಮ ಅಥವಾ ದ್ವಿತೀಯ ದರ್ಜೆಯಲ್ಲಿ ಆಗಿರಬೇಕು, ಪದವಿ ಕೊಟ್ಟ ಸಂಸ್ಥೆಗೆ ನ್ಯಾಕ್‌ನ ಎ ಅಥವಾ ಅದಕ್ಕಿಂತ ಮೇಲಿನ ಶ್ರೇಣಿ ಇರಬೇಕು. ಎರಡೂ ಇದ್ದರೆ ಮೂರು ವರ್ಷದ ಪದವಿಯನ್ನು ಅಮೆರಿಕದ ಪದವಿಗೆ ಸಮ ಎಂದು ಬರೆಯುತ್ತದೆ. ಬೇರೆ ಕೆಲವರು ಅದನ್ನು ಮೂರು ವರ್ಷದ ಪದವಿ ಶಿಕ್ಷಣ ಎಂದಷ್ಟೇ ಬರೆಯುತ್ತಾರೆ. ಆದ್ದರಿಂದ ನೇಸಸ್ ಸದಸ್ಯರು ಯಾರಾದರೂ ಸರಿ ಎಂದು ವಿಶ್ವವಿದ್ಯಾಲಯ ಹೇಳಿದಾಗ, ಶುಲ್ಕದಲ್ಲಿ ಹತ್ತು ಡಾಲರ್ ಕಡಿಮೆ ಎಂದು ಸಂಸ್ಥೆ ಆರಿಸುವುದು ಜಾಣತನವಲ್ಲ. ಮೂರು ವರ್ಷದ ಪದವಿಯ ಬಗ್ಗೆ ಅವರ ನಿಲುವೇನು ಎಂದು ಮೊದಲು ಕೇಳಿ. ಅಂತಿಮ ತೀರ್ಮಾನ ಮಾತ್ರ ವಿಶ್ವವಿದ್ಯಾಲಯದ್ದೇ, ವರದಿ ಒಂದು ಸಲಹೆ ಅಷ್ಟೆ.

ಕರ್ನಾಟಕದಲ್ಲಿ 2021-22ರಲ್ಲಿ ಪದವಿಗೆ ಸೇರಿದವರಿಗೆ ನಾಲ್ಕನೇ ವರ್ಷದ ಆನರ್ಸ್ ಆಯ್ಕೆ ಇತ್ತು, 2024-25ರಿಂದ ಸರ್ಕಾರ ಮತ್ತೆ ಮೂರು ವರ್ಷಕ್ಕೆ ಮರಳಿತು. ನಡುವಿನ ಆ ತಂಡಗಳಲ್ಲಿ ಯಾರು ಮೂರಕ್ಕೆ ನಿಂತರು, ಯಾರು ನಾಲ್ಕು ಮುಗಿಸಿದರು ಎಂಬುದು ಟ್ರಾನ್ಸ್‌ಕ್ರಿಪ್ಟಿನಲ್ಲಿ ಸ್ಪಷ್ಟವಾಗಿ ಕಾಣಬೇಕು. ನಾಲ್ಕು ಮುಗಿಸಿದವರು ಆನರ್ಸ್ ಎಂಬ ಪದವೂ ಕೊನೆಯ ಎರಡು ಸೆಮಿಸ್ಟರ್‌ಗಳೂ ದಾಖಲೆಯಲ್ಲಿ ಇವೆಯೇ ಎಂದು ಖಾತ್ರಿ ಮಾಡಿಕೊಳ್ಳಿ.

ಸೀಟು ಸಿಕ್ಕಿದ ಮೇಲೆ ಕೆಲಸ ಮುಗಿಯಲಿಲ್ಲ. ಸ್ಕ್ಯಾನ್ ಪ್ರತಿ ಒಪ್ಪಿದ್ದ ವಿಶ್ವವಿದ್ಯಾಲಯ ಈಗ ಅಧಿಕೃತ ಟ್ರಾನ್ಸ್‌ಕ್ರಿಪ್ಟ್ ಮತ್ತು ಪದವಿಯ ಪುರಾವೆ ಕೇಳುತ್ತದೆ. ಕಳಿಸದಿದ್ದರೆ ಮುಂದಿನ ಸೆಮಿಸ್ಟರಿನ ನೋಂದಣಿಗೆ ತಡೆ ಬೀಳುತ್ತದೆ. ಅಲ್ಲಿ ಕೂತು ಇಲ್ಲಿಯ ಕೌಂಟರಿಗೆ ಅಪ್ಪನನ್ನು ಓಡಿಸುವ ಪರಿಸ್ಥಿತಿ ಬೇಡ. ಮೊದಲ ಸಲ ಅರ್ಜಿ ಕೊಡುವಾಗಲೇ ಮೂರು ನಾಲ್ಕು ಮುಚ್ಚಿದ ಲಕೋಟೆ ಹೆಚ್ಚಿಗೆ ಮಾಡಿಸಿ. ಎರಡನೇ ಪ್ರತಿಯಿಂದ ಶುಲ್ಕ ಕಡಿಮೆ ಮಾಡುವ ಕಡೆಗಳಿವೆ. ಮೊಹರಾದ ಲಕೋಟೆಯನ್ನು ವಿದ್ಯಾರ್ಥಿಯೇ ತಂದುಕೊಡಬಹುದು ಎನ್ನುವ ವಿಶ್ವವಿದ್ಯಾಲಯವಾದರೆ ಒಂದನ್ನು ವಿಮಾನದಲ್ಲಿ ಕೈಚೀಲದಲ್ಲೇ ಒಯ್ಯಿರಿ. ಪದವಿ ಪ್ರಮಾಣಪತ್ರದ ಮೂಲ ಪ್ರತಿಯನ್ನು ಮಾತ್ರ ಯಾರಿಗೂ ಅಂಚೆಯಲ್ಲಿ ಕಳಿಸಬೇಡಿ, ಇಂಥ ಕಚೇರಿಗಳಿಗೆ ಹೋದ ಕಾಗದ ಸಾಮಾನ್ಯವಾಗಿ ಹಿಂತಿರುಗುವುದಿಲ್ಲ. ಘಟಿಕೋತ್ಸವ ಆಗಿರದಿದ್ದರೆ ತಾತ್ಕಾಲಿಕ ಪದವಿ ಪ್ರಮಾಣಪತ್ರ ನಡೆಯುತ್ತದೆಯೇ ಎಂದು ಕೇಳಿ. ಕೆಲವರು ಒಪ್ಪುತ್ತಾರೆ, ಕೆಲವರು ಅಂತಿಮ ಪ್ರಮಾಣಪತ್ರಕ್ಕೇ ಕಾಯುತ್ತಾರೆ.

ಇದೆಲ್ಲ ಅಮೆರಿಕದ ರೀತಿ. ಜರ್ಮನಿಗೆ ಹೊರಟ ಮಕ್ಕಳು ಇದನ್ನೇ ಅಲ್ಲಿಗೂ ಅನ್ವಯಿಸಬಾರದು. ಅಲ್ಲಿಗೆ 2022ರ ನವೆಂಬರಿನಿಂದ ಭಾರತದವರಿಗೆ ಎಪಿಎಸ್ ಪ್ರಮಾಣಪತ್ರ ಬೇಕು, ಅದರ ಶುಲ್ಕ 18,000 ರೂಪಾಯಿ. ಹಲವು ವಿಶ್ವವಿದ್ಯಾಲಯಗಳ ಅರ್ಜಿ ಯೂನಿ-ಅಸಿಸ್ಟ್ ಮೂಲಕ ಹೋಗುತ್ತದೆ. ಅಲ್ಲಿ ಮೊದಲ ಅರ್ಜಿಗೆ 75 ಯೂರೊ, ಅದೇ ಸೆಮಿಸ್ಟರಿನ ಮುಂದಿನ ಪ್ರತಿ ಅರ್ಜಿಗೆ 30 ಯೂರೊ. ಅಮೆರಿಕದ ವರದಿ ಅಲ್ಲಿ ಉಪಯೋಗಕ್ಕೆ ಬಾರದು. ಕೆನಡಾದ ವಲಸೆಗೆ ತೆಗೆಸುವ ವರದಿಯೂ ಅಮೆರಿಕದ ವಿಶ್ವವಿದ್ಯಾಲಯಕ್ಕೆ ಸಲ್ಲುವುದಿಲ್ಲ, ಸಂಸ್ಥೆ ಒಂದೇ ಆಗಿದ್ದರೂ ವರದಿ ಬೇರೆ.

ವಿಶ್ವವಿದ್ಯಾಲಯಗಳ ಮೌಲ್ಯಮಾಪನ ವಿಭಾಗದಲ್ಲಿ ಕೆಲಸ ಮಾಡುವ ಸಿಬ್ಬಂದಿ ಈ ಪತ್ರ ಓದುತ್ತಿದ್ದರೆ ಅವರಲ್ಲೂ ಒಂದು ವಿನಂತಿ. ಸಾವಿರಾರು ಅಂಕಪಟ್ಟಿಗಳ ನಡುವೆ ನಿಮ್ಮ ಮೇಲಿರುವ ಹೊರೆ ಕಣ್ಣಾರೆ ಕಂಡದ್ದೇ. ಆದರೂ ಟ್ರಾನ್ಸ್‌ಕ್ರಿಪ್ಟ್‌ಗೆ ಎಷ್ಟು ದಿನ, ಎಷ್ಟು ಶುಲ್ಕ, ಯಾವ ಯಾವ ಕಾಗದ ಎಂದು ಕೌಂಟರಿನ ಮೇಲೆ ಕನ್ನಡದಲ್ಲಿ ಒಂದು ಹಾಳೆ ಅಂಟಿಸಿದರೆ, ಬೀದರಿನಿಂದಲೋ ಕೊಳ್ಳೇಗಾಲದಿಂದಲೋ ರಾತ್ರಿ ಬಸ್ಸಿನಲ್ಲಿ ಬಂದ ಹುಡುಗ ಒಂದು ಜೆರಾಕ್ಸ್ ಕಡಿಮೆಯಾಯಿತೆಂದು ವಾಪಸ್ ಹೋಗುವುದು ತಪ್ಪುತ್ತದೆ. ಮೌಲ್ಯಮಾಪನ ಸಂಸ್ಥೆ ದೃಢೀಕರಣ ಕೇಳಿ ಕಳಿಸುವ ಇಮೇಲಿಗೆ ದಯವಿಟ್ಟು ಉತ್ತರಿಸಿ. ಅದಕ್ಕೆ ಉತ್ತರ ಹೋಗದೆ ಕಡತ ಅಲ್ಲೇ ನಿಂತರೆ ಕಾರಣ ವಿದ್ಯಾರ್ಥಿಗೆ ತಿಳಿಯುವುದೇ ಇಲ್ಲ.

ಮಕ್ಕಳೇ, ಜನವರಿ ಗಡುವಿನ ಅರ್ಜಿ ನಿಮ್ಮ ಮನಸ್ಸಿನಲ್ಲಿದ್ದರೆ ಆಗಸ್ಟ್ ಮುಗಿಯುವ ಮೊದಲು ಮೂರು ಕೆಲಸ ಮಾಡಿ. ವಿಶ್ವವಿದ್ಯಾಲಯಗಳ ಪಟ್ಟಿಯ ಮುಂದೆ ಆ ಮೂರು ಪ್ರಶ್ನೆಗೆ ಉತ್ತರ ಬರೆಯಿರಿ. ಪಾಸ್‌ಪೋರ್ಟನ್ನೂ ಅಂಕಪಟ್ಟಿಯನ್ನೂ ಪಕ್ಕಪಕ್ಕದಲ್ಲಿಟ್ಟು ಹೆಸರು ಅಕ್ಷರಕ್ಕೆ ಅಕ್ಷರ ಹೋಲಿಸಿ. ಟ್ರಾನ್ಸ್‌ಕ್ರಿಪ್ಟ್ ಅರ್ಜಿಯನ್ನು ಸೆಪ್ಟೆಂಬರ್ ಮೊದಲ ವಾರವೇ ಕೊಡುವಂತೆ ಶುಲ್ಕ, ಕಾಗದಗಳನ್ನು ಸಿದ್ಧಮಾಡಿಕೊಳ್ಳಿ. ತಂದೆ ತಾಯಂದಿರೇ, ಕನ್ಸಲ್ಟೆನ್ಸಿಯವರು ಮೌಲ್ಯಮಾಪನ ವರದಿಗೆ ದುಡ್ಡು ಕೇಳಿದರೆ, ಅದು ಬೇಕೆಂದು ಯಾವ ವಿಶ್ವವಿದ್ಯಾಲಯ ಬರೆದಿದೆ, ಆ ಪುಟ ತೋರಿಸಿ ಎಂದು ಕೇಳಿ. ತೋರಿಸಿದ ಮೇಲೆ ಕಟ್ಟಿ.

ಇಂತಿ ನಿಮ್ಮ ವಿಶ್ವಾಸಿ,
ನಿವೃತ್ತ ಪದವಿ ಕಾಲೇಜು ಅಧ್ಯಾಪಕ